ನೀಲಿ ಹೊದಿಕೆ, ಗರಗಸದ ಗಿಟಾರ್, ಕಿರುಚುವ ಕಂಠ: ಈ ಬ್ಯಾಂಡ್ ಯಾವುದು?

ಹಾಸ್ಟೆಲ್ 2003: ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರು ಕೊಟ್ಟಿದ್ದ ಎಂಪಿ3 ಸಿಡಿಯಲ್ಲಿ ಒಂದು ಮೆಟಲ್ ಬ್ಯಾಂಡ್ ಇತ್ತು. ಫೋಲ್ಡರಿಗೆ ಹೆಸರಿರಲಿಲ್ಲ, ಒಂದು ಚಿಕ್ಕ ಚಿತ್ರ ಮಾತ್ರ ಇತ್ತು. ಪೂರ್ತಿ ನೀಲಿ, ಹಿಮ ಬಿದ್ದ ಕಾಡಿನಂತೆ. ಗಿಟಾರ್ ಮರ ಕೊಯ್ಯುವ ಗರಗಸದ ಹಾಗೆ. ಹಾಡುವವನದು ಗುಡುಗುವ ದನಿಯಲ್ಲ, ಗಂಟಲು ಹರಿಯುವ ಕಿರುಚಾಟ. ಮೂರನೆಯದೋ ನಾಲ್ಕನೆಯದೋ ಹಾಡು ಬರೀ ಪಿಯಾನೊ. ಇಷ್ಟರಿಂದಲೇ ಬ್ಯಾಂಡ್ ಹುಡುಕಿದವರು ಯಾರಾದರೂ ಇದ್ದೀರಾ? ಹೇಗೆ ಹುಡುಕಿದಿರಿ?

ಪೆಡಲ್ ಪ್ರಸಾದ್: ಗರಗಸ ಎಂದ ಮೇಲೆ ಚರ್ಚೆಯೇ ಬೇಡ. ಸ್ಟಾಕ್‌ಹೋಮ್, ಸನ್‌ಲೈಟ್ ಸ್ಟುಡಿಯೊ, ಎಂಟೂಂಬ್ಡ್ ಬ್ಯಾಂಡ್, 1990ರ 'ಲೆಫ್ಟ್ ಹ್ಯಾಂಡ್ ಪಾತ್' ಆಲ್ಬಮ್. ಆ ನಾದ ಬರುವುದು ಬಾಸ್ ಕಂಪನಿಯ ಎಚ್‌ಎಂ-2 ಎಂಬ, ಗಿಟಾರಿನ ದನಿಯನ್ನು ಒರಟಾಗಿಸುವ ಕಪ್ಪು ಪೆಡಲಿನಿಂದ. ಅದರ ನಾಲ್ಕು ಗುಂಡಿಗಳನ್ನೂ ಬಲಕ್ಕೆ ಕೊನೆಯವರೆಗೆ ತಿರುಗಿಸಬೇಕು, ಅಷ್ಟೇ. ಇದನ್ನು ನಾನು ಓದಿ ಹೇಳುತ್ತಿಲ್ಲ, ದುಡ್ಡು ಸುರಿದು ಹೇಳುತ್ತಿದ್ದೇನೆ. 1991ರಲ್ಲೇ ಅದರ ತಯಾರಿಕೆ ನಿಂತಿತ್ತು. ಜಪಾನಿನಲ್ಲಿ ತಯಾರಾದ ಹಳೆಯದೊಂದನ್ನು 14,500 ರೂಪಾಯಿಗೆ ತರಿಸಿದೆ. ಬಂದ ದಿನವೇ ಒಂದು ಗುಂಡಿ ಕರಕರ ಎನ್ನುತ್ತಿತ್ತು. ರಿಪೇರಿಗೆ 900. ರಿಪೇರಿ ಮಾಡಿದವನು ಹಿಂಬದಿಯ ತಗಡಿನ ಒಂದು ಸ್ಕ್ರೂ ಕಳೆದ, ಅದಕ್ಕೆ ಬೇರೆ ಅಲೆದಾಟ. ಹಳೆಯದಕ್ಕೆ ಸಾಮಾನ್ಯ ಅಡಾಪ್ಟರ್ ಹಾಕಿದರೆ ಪೂರ್ತಿ ಶಕ್ತಿ ಸಿಗದೆ ದನಿ ಸೊರಗುತ್ತದೆ, ಹಾಗಾಗಿ ಬ್ಯಾಟರಿಗೆ ಪ್ರತ್ಯೇಕ ಖರ್ಚು. ಇಷ್ಟೆಲ್ಲ ಆದ ಮೇಲೆ 2021ರಲ್ಲಿ ಕಂಪನಿಯೇ ಅದನ್ನು ಹೊಸದಾಗಿ ತಂದಿತು! ಆ ವಾರ ನಾನು ಯಾರೊಂದಿಗೂ ಮಾತನಾಡಲಿಲ್ಲ. ಆದರೆ ಈಗ ಯಾವುದೇ ಹಾಡಿನ ಮೊದಲ ಹತ್ತು ಸೆಕೆಂಡಿನಲ್ಲಿ ಆ ಪೆಡಲನ್ನು ಗುರುತಿಸಬಲ್ಲೆ.

ಎಲ್‌ಪಿ ಸಂಗ್ರಾಹಕ, ಬಸವನಗುಡಿ: ಎಂಪಿ3 ಸಿಡಿಯಲ್ಲಿ ಕೇಳಿದರೆ ಹೀಗೇ ಆಗುವುದು. ಹೊದಿಕೆ ಎನ್ನುವುದು ಹನ್ನೆರಡು ಅಂಗುಲದ ಚಿತ್ರ. ಅದನ್ನು ಹೆಬ್ಬೆಟ್ಟಿನಷ್ಟು ಮಾಡಿ, ನೀಲಿ ಎಂದು ನೆನಪಿಟ್ಟುಕೊಂಡು, ಈಗ ಜಗತ್ತನ್ನೆಲ್ಲ ಕೇಳುತ್ತಿದ್ದೀರಿ. ಬಣ್ಣವನ್ನು ನಂಬಲೇಬೇಡಿ. ಮೆಟಾಲಿಕಾದ 'ರೈಡ್ ದ ಲೈಟ್ನಿಂಗ್' ನೀಲಿ ಎಂದು ಎಲ್ಲರಿಗೂ ಗೊತ್ತು. ಆದರೆ 1984ರಲ್ಲಿ ಫ್ರಾನ್ಸಿನಲ್ಲಿ ಮುದ್ರಣ ತಪ್ಪಿ ಕೆಲವು ನೂರು ಪ್ರತಿಗಳು ಹಸಿರಾಗಿ ಹೊರಬಂದವು. ಹಸಿರು ನೋಡಿದವನು ಬ್ಯಾಂಡ್ ಹುಡುಕಿದರೆ ಏನಾಗುತ್ತದೆ, ಹೇಳಿ. ನಾನಂತೂ ಅಸಲಿಯನ್ನೇ ಕೊಳ್ಳುವವನು. ಕಳೆದ ಸಲ ತರಿಸಿದ ಒಂದು ಎಲ್‌ಪಿಗೆ 3,100, ಸಾಗಣೆಗೆ 1,900, ಸುಂಕ 2,150. ಮನೆಗೆ ಬಂದಾಗ ಹೊದಿಕೆಯ ಒಂದು ಮೂಲೆ ಜಜ್ಜಿತ್ತು. ಮಾರಿದವನಿಗೆ ಫೋಟೊ ಕಳುಹಿಸಿದೆ. ನಿಮ್ಮ ಊರಿನ ಅಂಚೆಯವರನ್ನು ಕೇಳಿ ಎಂದ. ಅಂಚೆಯವರು ಮಾರಿದವನನ್ನು ಕೇಳಿ ಎಂದರು.

ಪೆಡಲ್ ಪ್ರಸಾದ್: ಸ್ವಾಮಿ, ಅವರು ಕೇಳಿದ್ದು ಬ್ಯಾಂಡಿನ ಹೆಸರನ್ನು, ನಿಮ್ಮ ಸುಂಕದ ರಸೀದಿಯನ್ನಲ್ಲ.

ಎಲ್‌ಪಿ ಸಂಗ್ರಾಹಕ, ಬಸವನಗುಡಿ: ನಿಮ್ಮ ಸ್ಕ್ರೂ ಪುರಾಣವನ್ನೂ ಅವರು ಕೇಳಿರಲಿಲ್ಲ.

ಉತ್ತರದ ಚಳಿ: ನೀಲಿ, ಹಿಮ, ಕಾಡು, ಕಿರುಚಾಟ. ಇದು ನಾರ್ವೆಯ ಎಂಪರರ್ ಅಲ್ಲದೆ ಇನ್ನೇನು? 'ಇನ್ ದ ನೈಟ್‌ಸೈಡ್ ಎಕ್ಲಿಪ್ಸ್'. ನಾನು ಇದನ್ನು ಮೊದಲ ಸಲ ಕೇಳಿದಾಗ ಮಡಿಕೇರಿಯಲ್ಲಿ ಮಳೆ, ಕರೆಂಟ್ ಇಲ್ಲ, ವಾಕ್‌ಮನ್‌ನಲ್ಲಿ ಬ್ಯಾಟರಿ ಮುಗಿಯುತ್ತ ಬಂದಿತ್ತು. ಅಣ್ಣ ಬೈದು ಕ್ಯಾಸೆಟ್ ಕಿತ್ತುಕೊಂಡ. ಅದರ ಮೇಲೆ ಅವನು ಭಾವಗೀತೆ ರೆಕಾರ್ಡ್ ಮಾಡಿಕೊಂಡಿದ್ದನ್ನು ಇವತ್ತಿಗೂ ಕ್ಷಮಿಸಿಲ್ಲ. ಅವನ ಮದುವೆಯಲ್ಲೂ ಹೇಳಿದ್ದೇನೆ.

ಧಾರವಾಡದ ಸೌಂಡ್ ಮೇಡಂ: ಧ್ವನಿಮುದ್ರಣದ ಕೆಲಸ ನನ್ನ ಹೊಟ್ಟೆಪಾಡು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಇಂಥ ಹುಡುಕಾಟದಲ್ಲಿ ಮೊದಲ ಜರಡಿ ಕಂಠ. ಎಷ್ಟು ವರ್ಷವಾದರೂ ಗುಡುಗಿಗೂ ಕಿರುಚಾಟಕ್ಕೂ ಇರುವ ವ್ಯತ್ಯಾಸವನ್ನು ಕಿವಿ ಮರೆಯುವುದಿಲ್ಲ. ಕೇಳಿದವರು ಗುಡುಗಲ್ಲ ಎಂದು ಸ್ಪಷ್ಟವಾಗಿಯೇ ಬರೆದಿದ್ದಾರೆ. ಎಂಟೂಂಬ್ಡ್‌ನ ಗಾಯಕ ಪೆಟ್ರೋವ್ ಗುಡುಗುತ್ತಿದ್ದವರು, ಡಿಸ್‌ಮೆಂಬರ್‌ನ ಗಾಯಕರೂ ಹಾಗೆಯೇ. ಪ್ರಸಾದ್ ಅವರೇ, ನಿಮ್ಮ ಉತ್ತರ ಅಲ್ಲೇ ಜಾರಿತು.

ಇನ್ನು ನೀಲಿ. ಆ ಕಾಲದ ನೀಲಿ ಹೊದಿಕೆಗಳ ಒಂದು ದೊಡ್ಡ ಗುಂಪು ಒಬ್ಬರೇ ಕಲಾವಿದರ ಕೈಯಿಂದ ಬಂದದ್ದು, ಸ್ವೀಡನ್ನಿನ ಕ್ರಿಸ್ಟಿಯಾನ್ ವೊಲಿನ್. ನೆಕ್ರೊಲಾರ್ಡ್ ಎಂಬ ಹೆಸರಿನಲ್ಲಿ ಸಹಿ ಹಾಕುತ್ತಾರೆ. ಎಂಪರರ್‌ನ ಆ ಹೊದಿಕೆ ಅವರದೇ. ಡಿಸೆಕ್ಷನ್‌ನ 'ಸ್ಟಾರ್ಮ್ ಆಫ್ ದ ಲೈಟ್ಸ್ ಬೇನ್' (1995), ಸಾಕ್ರಮೆಂಟಮ್‌ನ 'ಫಾರ್ ಅವೇ ಫ್ರಮ್ ದ ಸನ್' (1996), ಡಾರ್ಕ್ ಫ್ಯೂನರಲ್‌ನ ಮೊದಲ ಆಲ್ಬಮ್, ಇವೂ ಅವರದೇ, ಎಲ್ಲವೂ ನೀಲಿ. ಹೆಬ್ಬೆಟ್ಟಿನಷ್ಟು ಚಿತ್ರದಲ್ಲಿ ಒಂದನ್ನೊಂದು ಬೇರೆ ಮಾಡುವುದು ಕಷ್ಟ. ಹಾಗಾಗಿ ನೀಲಿ ಎಂದರೆ ಬ್ಯಾಂಡ್ ಸಿಗುವುದಿಲ್ಲ, ಕಲಾವಿದರು ಸಿಗುತ್ತಾರೆ. ಅವರು ಬರೆದ ಹೊದಿಕೆಗಳ ಪಟ್ಟಿ ಹಿಡಿದು ಒಂದೊಂದಾಗಿ ತಳ್ಳಿಹಾಕಬೇಕು.

ಎಂಪರರ್‌ನಲ್ಲಿ ಕೀಬೋರ್ಡ್ ಹಾಡಿನುದ್ದಕ್ಕೂ ಗಿಟಾರಿನ ಹಿಂದೆ ತುಂಬಿಕೊಂಡಿರುತ್ತದೆ. ಅದನ್ನು ಕೇಳಿದವರಿಗೆ ಮೊದಲು ನೆನಪಾಗುವುದೇ ಅದು. ಪ್ರಶ್ನೆ ಹಾಕಿದವರು ಅದರ ಸುದ್ದಿಯನ್ನೇ ಎತ್ತಿಲ್ಲ. ಡಿಸೆಕ್ಷನ್ ಮತ್ತು ಸಾಕ್ರಮೆಂಟಮ್ ನಡುವೆ ಗೊಂದಲ ಹೆಚ್ಚು, ಏಕೆಂದರೆ ಕಲಾವಿದರೂ ಒಬ್ಬರೇ, ಎರಡನ್ನೂ ಧ್ವನಿಮುದ್ರಿಸಿದ್ದೂ ಡಾನ್ ಸ್ವಾನೊ ಅವರ ಯೂನಿಸೌಂಡ್ ಸ್ಟುಡಿಯೊದಲ್ಲೇ. ಇಲ್ಲಿ ತೀರ್ಮಾನ ಕೊಡುವುದು ಪಿಯಾನೊ. ಡಿಸೆಕ್ಷನ್‌ನ ಆ ಆಲ್ಬಮ್‌ನಲ್ಲಿ ಬರೀ ಪಿಯಾನೊದ ಒಂದು ಚಿಕ್ಕ ತುಣುಕು ಇದೆ, 'ನೋ ಡ್ರೀಮ್ಸ್ ಬ್ರೀಡ್ ಇನ್ ಬ್ರೆತ್‌ಲೆಸ್ ಸ್ಲೀಪ್'.

ಉತ್ತರದ ಚಳಿ: ಆದರೆ ಅದು ಆಲ್ಬಮ್‌ನ ಕಟ್ಟಕಡೆಯದು ಮೇಡಂ! ಕೇಳಿದವರು ಮೂರನೆಯದೋ ನಾಲ್ಕನೆಯದೋ ಎಂದಿದ್ದಾರೆ. ನಿಮ್ಮ ಜರಡಿಯಲ್ಲಿ ನೀವೇ ಸಿಕ್ಕಿಬಿದ್ದಿರಿ.

ಧಾರವಾಡದ ಸೌಂಡ್ ಮೇಡಂ: ಆಲ್ಬಮ್‌ನಲ್ಲಿ ಕಡೆಯದು, ಒಪ್ಪಿದೆ. ಸಿಡಿಯ ಫೋಲ್ಡರಿನಲ್ಲಿ ಅಲ್ಲ. ಆಗಿನ ಫೈಲುಗಳಲ್ಲಿ ಎಷ್ಟೋ ಸಲ ಹಾಡಿನ ಮುಂದೆ ಸಂಖ್ಯೆ ಇರುತ್ತಿರಲಿಲ್ಲ. ಕಂಪ್ಯೂಟರ್ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿಬಿಡುತ್ತಿತ್ತು. ಎಂಟೂ ಹಾಡುಗಳ ಹೆಸರನ್ನು ಹಾಗೆ ಇಟ್ಟು ನೋಡಿ:

```
At the Fathomless Depths
Night's Blood
No Dreams Breed in Breathless Sleep
Retribution - Storm of the Light's Bane
Soulreaper
Thorns of Crimson Death
Unhallowed
Where Dead Angels Lie
```

ಪಿಯಾನೊ ಮೂರನೆಯದಕ್ಕೆ ಬಂತು. ಸಾಕಲ್ಲವೇ?

ಎಲ್‌ಪಿ ಸಂಗ್ರಾಹಕ, ಬಸವನಗುಡಿ: ಇದಕ್ಕೇ ನಾನು ಹೇಳಿದ್ದು. ಕಲಾವಿದ ಕೊನೆಗೆಂದು ಇಟ್ಟ ತುಣುಕನ್ನು ಅಕ್ಷರಮಾಲೆಯಲ್ಲಿ ಜೋಡಿಸಿ ಕೇಳುವುದು, ಅದೂ ಕದ್ದ ಪ್ರತಿ.

ಗದಗ ಟು ಪೀಣ್ಯ: ಕದ್ದ ಪ್ರತಿಯೇ ಇರಲಿ ಸರ್. 2003ರಲ್ಲಿ ಗದಗಿನ ಯಾವ ಅಂಗಡಿಯಲ್ಲಿ ಸ್ವೀಡನ್ನಿನ ಎಲ್‌ಪಿ ಮಾರುತ್ತಿದ್ದರು, ದಯವಿಟ್ಟು ವಿಳಾಸ ಕೊಡಿ. ನಾವು ಇಂಟರ್ನೆಟ್ ಸೆಂಟರಿನಲ್ಲಿ ಗಂಟೆಗೆ ದುಡ್ಡು ಕೊಟ್ಟು ಒಂದು ಹಾಡು ಇಳಿಸಿಕೊಳ್ಳುತ್ತಿದ್ದೆವು. ತೊಂಬತ್ತೆಂಟು ಶೇಕಡಕ್ಕೆ ಬಂದು ಲೈನ್ ಹೋಗುತ್ತಿತ್ತು. ಇಳಿದ ಮೇಲೆ ನೋಡಿದರೆ ಹೆಸರೊಂದು, ಹಾಡೊಂದು. ಮೆಟಾಲಿಕಾ ಎಂದು ಬರೆದ ಫೈಲನ್ನು ಮೆಟಾಲಿಕಾ ಎಂದೇ ನಂಬಿ ವರ್ಷಗಟ್ಟಲೆ ಕೇಳಿದ್ದೇನೆ. 2011ರ ಅಕ್ಟೋಬರಿನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಟಿಕೆಟ್ ಕೊಂಡು, ರಜೆ ಹಾಕಿ, ಆ ಹಾಡಿಗೆ ಕಾದು ನಿಂತಿದ್ದೆ. ಅವರು ಹಾಡಲಿಲ್ಲ. ಹೇಗೆ ಹಾಡುತ್ತಾರೆ, ಅದು ಅವರದೇ ಅಲ್ಲವಲ್ಲ! ಇಂದಿಗೂ ಅದು ಯಾರದೆಂದು ಗೊತ್ತಿಲ್ಲ. ಹೆಣ್ಣು ಕೋರಸ್ ಇದೆ, ಮಧ್ಯೆ ಗಂಟೆಯ ಸದ್ದು ಇದೆ. ಯಾರಿಗಾದರೂ ಗೊತ್ತೇ?

ಉತ್ತರದ ಚಳಿ: ಡಿಸೆಕ್ಷನ್ ಎಂದು ಖುಷಿಪಡುವವರು ಅದರ ಗಾಯಕ ಕೊಲೆ ಪ್ರಕರಣದಲ್ಲಿ ಜೈಲಿಗೆ ಹೋದವನು ಎಂಬುದನ್ನೂ ತಿಳಿದಿರಲಿ. ನಾನು ಅವರ ಹಾಡು ಹಾಕುವುದಿಲ್ಲ.

ಪೆಡಲ್ ಪ್ರಸಾದ್: ನಿಮ್ಮ ಎಂಪರರ್‌ನ ಆ ಆಲ್ಬಮ್‌ಗೆ ಡ್ರಮ್ ಬಾರಿಸಿದವನು? ಅವನಿಗೂ ಕೊಲೆಗಾಗಿ ಹದಿನಾಲ್ಕು ವರ್ಷ ಶಿಕ್ಷೆಯಾಗಿತ್ತು. ಮಡಿಕೇರಿಯ ಮಳೆಯಲ್ಲಿ ಅದು ಕೇಳಿಸಲಿಲ್ಲವೇ?

ಉತ್ತರದ ಚಳಿ: ಡ್ರಮ್ ಬಾರಿಸುವವನು ಬೇರೆ, ಬ್ಯಾಂಡಿನ ಮುಖವಾದವನು ಬೇರೆ. ನಿಮಗೆ ಅರ್ಥವಾಗದಿದ್ದರೆ ಬಿಡಿ.

ಹಾಸ್ಟೆಲ್ 2003: ಮೇಡಂ ಹೇಳಿದ್ದನ್ನು ಕೇಳಿ ನೋಡಿದೆ. ಪಿಯಾನೊ ಅದೇ! ಮೊದಲ ಸ್ವರಕ್ಕೇ ಗೊತ್ತಾಯಿತು. ಹೊದಿಕೆಯೂ ಅದೇ, ಆದರೆ ಅದರಲ್ಲಿ ಕುದುರೆಯ ಮೇಲೆ ಕೂತಿರುವ ಮೃತ್ಯು ನನಗೆ ನೆನಪೇ ಇರಲಿಲ್ಲ. ಒಂದೇ ತೊಡಕು. ಗಿಟಾರ್ ನನ್ನ ನೆನಪಿನಲ್ಲಿದ್ದಷ್ಟು ಒರಟಾಗಿಲ್ಲ. ಇಲ್ಲಿ ಎರಡು ಗಿಟಾರುಗಳು ಜೋಡಿಯಾಗಿ ರಾಗ ಹಿಡಿಯುತ್ತವೆ, ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ನನಗೆ ನೆನಪಿರುವುದು ಝೊಂಯ್ ಎಂಬ ಒಂದೇ ಗೋಡೆ.

ಪೆಡಲ್ ಪ್ರಸಾದ್: ಹಾ! ಹೇಳಲಿಲ್ಲವೇ?

ಧಾರವಾಡದ ಸೌಂಡ್ ಮೇಡಂ: ಈಗ ಪ್ರಸಾದ್ ಅವರ ಮಾತಿಗೆ ಅರ್ಧ ಬೆಲೆ ಕೊಡಬೇಕು. ನಿಮ್ಮ ಫೋಲ್ಡರಿನಲ್ಲಿ ಎರಡು ಬ್ಯಾಂಡ್ ಬೆರೆತಿರಬಹುದು. ಚಿತ್ರ ಒಂದೇ ಇದ್ದುದರಿಂದ ಎಲ್ಲ ಹಾಡಿಗೂ ನೀವು ಅದನ್ನೇ ಅಂಟಿಸಿದಿರಿ. ಆ ಪೆಡಲನ್ನು ಗುರುತಿಸಲು ಹಾಡು ಗಕ್ಕನೆ ನಿಲ್ಲುವ ಜಾಗಗಳನ್ನು ಕೇಳಿ. ಬೇರೆ ಗಿಟಾರುಗಳಲ್ಲಿ ಅಂಗೈ ಒತ್ತಿದ ಕೂಡಲೇ ನಾದ ಕತ್ತರಿಸಿದಂತೆ ನಿಲ್ಲುತ್ತದೆ. ಇದರಲ್ಲಿ ಸದ್ದು ಅಂಚು ಒಡೆದುಕೊಂಡೇ ನಿಲ್ಲುತ್ತದೆ. ಕೈ ಸಡಿಲಿಸಿದರೆ ಗೊರಗೊರ ನುಗ್ಗುತ್ತದೆ. ಮೂರು ತಂತಿ ಒಟ್ಟಿಗೆ ಮೀಟಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಒಂದು ಪ್ರಶ್ನೆ. ಆ ಗರಗಸದ ಹಾಡುಗಳಲ್ಲಿ ಒಂದು, ಕೊನೆಯಲ್ಲಿ ವೇಗ ಬಿಟ್ಟು ನಿಧಾನವಾಗಿ, ಹಳೆಯ ಭಯಾನಕ ಚಿತ್ರದ ಸಂಗೀತದಂತೆ ತಿರುಗುತ್ತಿತ್ತೇ? ಹೌದಾದರೆ ಅದು 'ಲೆಫ್ಟ್ ಹ್ಯಾಂಡ್ ಪಾತ್' ಶೀರ್ಷಿಕೆ ಗೀತೆ. ಅಲ್ಲಿ ಬರುವುದು 1979ರ 'ಫ್ಯಾಂಟಸಮ್' ಚಿತ್ರದ ರಾಗ. ಇಲ್ಲವಾದರೆ ಡಿಸ್‌ಮೆಂಬರ್, ಗ್ರೇವ್, ಹೀಗೆ ಅದೇ ಸ್ಟುಡಿಯೊದ ಉಳಿದವರನ್ನು ಸರದಿಯಲ್ಲಿ ಕೇಳಬೇಕಾಗುತ್ತದೆ.

ಹಾಸ್ಟೆಲ್ 2003: ನಿಧಾನವಾಗುತ್ತಿದ್ದುದು ನೆನಪಿದೆ. ರಾಗ ನೆನಪಿಲ್ಲ. ಸೀನಿಯರಿಗೆ ಸಂದೇಶ ಕಳುಹಿಸಿದ್ದೇನೆ, ಅವರು ಈಗ ಭಜನಾ ಮಂಡಳಿಯಲ್ಲಿದ್ದಾರಂತೆ, ಉತ್ತರ ಬಂದಿಲ್ಲ.

ಗದಗ ಟು ಪೀಣ್ಯ: ನನ್ನ ಗಂಟೆಯ ಸದ್ದಿನ ಹಾಡಿಗೆ ಯಾರೂ ಉತ್ತರಿಸಲಿಲ್ಲ. ಇರಲಿ. ಪ್ರಸಾದ್ ಸರ್, ಆ ಪೆಡಲ್ ಕೊಡುವ ಯೋಚನೆ ಇದೆಯೇ? ಆರು ಸಾವಿರ ಕೊಡಬಲ್ಲೆ.

ಪೆಡಲ್ ಪ್ರಸಾದ್: ಆರು ಸಾವಿರಕ್ಕೆ ಆ ಸ್ಕ್ರೂ ಕೊಡುತ್ತೇನೆ.

ಎಲ್‌ಪಿ ಸಂಗ್ರಾಹಕ, ಬಸವನಗುಡಿ: ಸ್ಕ್ರೂ ಕಳೆದಿತ್ತಲ್ಲ?