‘ಅಸಾಧ್ಯ ತ್ರಿವಳಿ’ ಸರಿಯೇ? ‘ಸ್ಥಿರ ದರ’ ಅಂದರೆ ಯಾವ ದರ?

ರಾಯಚೂರಿನಿಂದ:

ಪದವಿ ತರಗತಿಗೆ ಅರ್ಥಶಾಸ್ತ್ರದ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಪಾಸಿಬಲ್ ಟ್ರಿನಿಟಿಗೆ ಯಾವ ಪದ ಬಳಸಬೇಕು? ‘ಅಸಾಧ್ಯ ತ್ರಿಮೂರ್ತಿ’ ಅಂದರೆ ಮೂವರು ದೇವರು ನೆನಪಾಗುತ್ತಾರೆ. ‘ಅಸಾಧ್ಯ ತ್ರಿವಳಿ’ ಅಂದರೆ ಮೂರೂ ಒಂದೊಂದಾಗಿಯೇ ಅಸಾಧ್ಯ ಅನ್ನಿಸುತ್ತದೆ. ವಿಷಯ ಹಾಗಿಲ್ಲ. ಬಂಡವಾಳ ಗಡಿ ದಾಟಿ ಮುಕ್ತವಾಗಿ ಓಡಾಡುವುದು, ಸ್ಥಿರ ದರ, ಸ್ವತಂತ್ರ ಬಡ್ಡಿ ನೀತಿ, ಈ ಮೂರರಲ್ಲಿ ಯಾವ ಎರಡನ್ನಾದರೂ ಇಟ್ಟುಕೊಳ್ಳಬಹುದು, ಮೂರನೆಯದನ್ನು ಬಿಡಬೇಕು.

ಗಂಗಾವತಿಯಿಂದ:

ಸ್ಥಿರ ದರ ಯಾಕ ಆಗಂಗಿಲ್ರಿ? ನಮ್ಮ ಅಕ್ಕಿ ಮಿಲ್ಲಿನ ಸಾಲ ಸ್ಥಿರ ದರದ್ದೇ ಐತಿ. ರಿಸರ್ವ್ ಬ್ಯಾಂಕ್ ರೆಪೊ ಏರಿಸಿದರೂ ನಮ್ಮ ಕಂತು ಬದಲಾಗಿಲ್ಲ.

ಬಳ್ಳಾರಿಯಿಂದ:

ಗಂಗಾವತಿಯವರು ಹೇಳಿದ್ದರಲ್ಲೇ ಪದದ ದೋಷ ಕಾಣುತ್ತದೆ. ಬ್ಯಾಂಕಿನ ಕನ್ನಡದಲ್ಲಿ ‘ಸ್ಥಿರ ದರ’ ಅಂದರೆ ಬಡ್ಡಿ. ಇಲ್ಲಿ ಮಾತು ವಿನಿಮಯ ದರದ್ದು. ಪಾಠದಲ್ಲಿ ‘ವಿನಿಮಯ’ ಸೇರಿಸದೆ ಒಂದು ಸಲವೂ ಬರೆಯಬೇಡಿ. ನನ್ನ ಕೇಳಿದರೆ ‘ಗೂಟಕ್ಕೆ ಕಟ್ಟಿದ ದರ’ ಇನ್ನೂ ಚೆಂದ. ಎತ್ತನ್ನು ಗೂಟಕ್ಕೆ ಕಟ್ಟಿದರೆ ಹಗ್ಗ ಎಷ್ಟುದ್ದವೋ ಅಷ್ಟೇ ಮೇಯುತ್ತದೆ. ಹಾಂಗ್‌ಕಾಂಗ್ ಡಾಲರಿನ ಗೂಟ ಅಮೆರಿಕದ ಡಾಲರು. 2005ರಿಂದ ಅದರ ಹಗ್ಗ ಒಂದು ಅಮೆರಿಕದ ಡಾಲರಿಗೆ 7.75ರಿಂದ 7.85 ಹಾಂಗ್‌ಕಾಂಗ್ ಡಾಲರಿನ ತನಕ ಮಾತ್ರ.

‘ಸ್ವತಂತ್ರ’ ಕೂಡ ದಾರಿ ತಪ್ಪಿಸುತ್ತದೆ. ಸರ್ಕಾರದ ಒತ್ತಡದಿಂದ ಸ್ವತಂತ್ರ ಅಂತ ವಿದ್ಯಾರ್ಥಿ ತಿಳಿಯುತ್ತಾನೆ. ಇಲ್ಲಿ ಅರ್ಥ ಹೊರದೇಶದ ಬಡ್ಡಿಯಿಂದ ಸ್ವತಂತ್ರ. ‘ಸ್ವಂತ ಬಡ್ಡಿ ನೀತಿ’ ಸಾಕು.

ಮೂರೂ ಯಾಕೆ ಕೂಡುವುದಿಲ್ಲ ಅನ್ನುವುದನ್ನು 2022ರ ಹಾಂಗ್‌ಕಾಂಗ್ ಇಟ್ಟುಕೊಂಡೇ ವಿವರಿಸಿ. ಆ ವರ್ಷ ಮಾರ್ಚಿನಲ್ಲಿ ಸೊನ್ನೆಯ ಹತ್ತಿರವಿದ್ದ ಅಮೆರಿಕದ ಬಡ್ಡಿ ಡಿಸೆಂಬರಿಗೆ ಶೇ. 4.25–4.50ಕ್ಕೆ ಏರಿತು. ಹಾಂಗ್‌ಕಾಂಗಿನ ಆರ್ಥಿಕತೆ ಅದೇ ವರ್ಷ ಕುಗ್ಗುತ್ತಿತ್ತು, ಅದಕ್ಕೆ ಬೇಕಿದ್ದದ್ದು ಅಗ್ಗದ ಸಾಲ. ಅಲ್ಲಿ ಶೇ. 1ಕ್ಕೆ ಸಾಲ ಸಿಗುತ್ತದೆ, ಅಮೆರಿಕದಲ್ಲಿ ಶೇ. 4 ಬಡ್ಡಿ ಬರುತ್ತದೆ ಅನ್ನಿ. ಒಂದು ಕೋಟಿ ಸಾಲ ತೆಗೆದು ಅಮೆರಿಕದ ಡಾಲರು ಮಾಡಿಟ್ಟರೆ ವರ್ಷಕ್ಕೆ ಮೂರು ಲಕ್ಷ ಉಳಿಯುತ್ತದೆ. ದರ ಗೂಟಕ್ಕೆ ಕಟ್ಟಿರುವುದರಿಂದ ವಿನಿಮಯದಲ್ಲಿ ಕಳೆದುಕೊಳ್ಳುವ ಭಯವೂ ಕಡಿಮೆ. ಹಣಕ್ಕೆ ತಡೆಯಿಲ್ಲದಿದ್ದರೆ ಎಲ್ಲರೂ ಅದನ್ನೇ ಮಾಡುತ್ತಾರೆ.

ಎಲ್ಲರೂ ಹಾಂಗ್‌ಕಾಂಗ್ ಡಾಲರು ಮಾರಿದಾಗ ದರ 7.85ಕ್ಕೆ ಮುಟ್ಟಿತು. ಅಲ್ಲಿಂದ ಆಚೆ ಹೋಗದಂತೆ ಹಣಕಾಸು ಪ್ರಾಧಿಕಾರ ಮೇ ತಿಂಗಳಿಂದ ತನ್ನ ನಾಣ್ಯ ಕೊಂಡು ಅಮೆರಿಕದ ಡಾಲರು ಕೊಟ್ಟಿತು. ಕೊಂಡ ಹಣ ಚಲಾವಣೆಯಿಂದ ಹೊರಬಿತ್ತು. ಬ್ಯಾಂಕುಗಳು ಪ್ರಾಧಿಕಾರದಲ್ಲಿ ಇಟ್ಟಿದ್ದ ಬಾಕಿ ಸುಮಾರು 338 ಶತಕೋಟಿಯಿಂದ ಸುಮಾರು 96 ಶತಕೋಟಿಗೆ ಇಳಿಯಿತು. ಹಣ ಬಿಗಿಯಾದ ಮೇಲೆ ಬಡ್ಡಿ ತಾನೇ ಏರಿತು. ಆ ಮೂರು ಲಕ್ಷದ ಲಾಭ ಕರಗುವ ತನಕ ಏರಲೇಬೇಕು. ಅಂದರೆ ಗೂಟ ಉಳಿಯಿತು, ಸ್ವಂತ ಬಡ್ಡಿ ಹೋಯಿತು.

ಹೊಸಪೇಟೆಯಿಂದ:

ಕೊಂಡ ಹಣವನ್ನ ಇನ್ನೊಂದು ಬಾಗಿಲಿಂದ ಬ್ಯಾಂಕುಗಳಿಗೆ ವಾಪಸ್ ಕೊಟ್ಟರೆ ಬಡ್ಡಿ ಏರೋದಿಲ್ಲಲ್ಲ? ಮತ್ತೆ ನಮ್ಮ ದೇಶದಾಗ ಮೂರೂ ಅದಾವಲ್ರಿ. ವಿದೇಶಿ ಹಣ ಷೇರುಪೇಟೆಗೆ ಬರ್ತದ, ರಿಸರ್ವ್ ಬ್ಯಾಂಕ್ ರೂಪಾಯಿ ಬೀಳದಂಗ ಹಿಡೀತದ, ರೆಪೊನೂ ನಮ್ಮದೇ.

ಬಳ್ಳಾರಿಯಿಂದ:

ವಾಪಸ್ ಕೊಡಬಹುದು, ನಿಮ್ಮ ಮಾತು ಅಷ್ಟರಮಟ್ಟಿಗೆ ಸರಿ. ಆದರೆ ಬಡ್ಡಿ ಏರದಿದ್ದರೆ ಆ ಮೂರು ಲಕ್ಷದ ಆಸೆಯೂ ಹಾಗೇ ಉಳಿಯುತ್ತದೆ, ಜನ ಮತ್ತೆ ಡಾಲರಿಗೆ ಬರುತ್ತಾರೆ. ಬಡ್ಡಿ ನಿಂತಲ್ಲೇ ನಿಂತು ಡಾಲರಿನ ಮೀಸಲು ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಈ ಕೆಲಸ ನಡೆದಿದೆ ಎಂದು ತಿಳಿಯಬೇಕು. ಮೀಸಲು ಇರುವ ತನಕ ಆಟ.

ಭಾರತದ್ದು ಮೂರೂ ಅರ್ಧರ್ಧ. ಇಲ್ಲಿನ ನಿವಾಸಿ ಹೊರಗೆ ಕಳಿಸುವ ಹಣಕ್ಕೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಇದೆ. ರೂಪಾಯಿ ಏಳುಬೀಳನ್ನು ತಗ್ಗಿಸುತ್ತಾರೆ, ಗೂಟಕ್ಕೆ ಕಟ್ಟಿಲ್ಲ. 2013ರಲ್ಲಿ ವಿದೇಶಿ ಹಣ ಹೊರಟಾಗ ಮೂರೂ ಕಡೆ ಸಡಿಲ ಬಿಡಬೇಕಾಯಿತು. ಬೆಳವಣಿಗೆ ಮಂದವಿದ್ದರೂ ಜುಲೈನಲ್ಲಿ ಬ್ಯಾಂಕುಗಳ ತುರ್ತು ಸಾಲದ ದರವನ್ನು ಶೇ. 8.25ರಿಂದ 10.25ಕ್ಕೆ ಏರಿಸಿದರು. ಆಗಸ್ಟಿನಲ್ಲಿ ಹೊರಗೆ ಕಳಿಸುವ ಮಿತಿಯನ್ನು 2 ಲಕ್ಷ ಡಾಲರಿನಿಂದ 75 ಸಾವಿರಕ್ಕೆ ಇಳಿಸಿದರು. ಅಷ್ಟಾದರೂ ರೂಪಾಯಿ 68 ದಾಟಿತು.

ಕೊಪ್ಪಳದಿಂದ:

‘ತ್ರಿಶಂಕು’ ಅಂದರಾಗದೇ? ಇಲ್ಲವೇ ‘ಇಬ್ಬಂದಿ’ಯ ಜೋಡಿಗೆ ‘ಮುಬ್ಬಂದಿ’?

ರಾಯಚೂರಿನಿಂದ:

ತ್ರಿಶಂಕು ನಡುವೆ ನೇತಾಡುವವನು. ಭಾರತಕ್ಕೆ ಒಪ್ಪೀತು, ಎರಡನ್ನು ಪೂರ್ತಿ ಹಿಡಿದು ಒಂದನ್ನು ಪೂರ್ತಿ ಬಿಟ್ಟ ಹಾಂಗ್‌ಕಾಂಗಿಗೆ ಒಪ್ಪದು. ‘ಮುಬ್ಬಂದಿ’ಯ ಕಟ್ಟಣೆ ಇಷ್ಟವಾಯಿತು. ಆದರೆ ‘ಇಬ್ಬಂದಿತನ’ಕ್ಕೆ ಪತ್ರಿಕೆಗಳಲ್ಲಿ ಎರಡು ನಾಲಿಗೆಯ ನಡತೆ ಅನ್ನುವ ಅರ್ಥವೂ ಸೇರಿಕೊಂಡಿದೆ. ಸದ್ಯಕ್ಕೆ ‘ಕೂಡದ ಮೂರು’ ಅಂತ ಬರೆದುಕೊಂಡಿದ್ದೇನೆ. ‘ಕೂಡದು’ ಎಂಬುದಕ್ಕೆ ನಿಷೇಧದ ಅರ್ಥವೂ ಇರುವುದರಿಂದ ಯಾರೋ ಬೇಡವೆಂದಿದ್ದಾರೆ ಅನ್ನಿಸೀತೆ? ‘ಗೂಟಕ್ಕೆ ಕಟ್ಟಿದ ದರ’ ಮಾತ್ರ ಪಾಠಕ್ಕೆ ಹೋಗುತ್ತದೆ.

ಗಂಗಾವತಿಯಿಂದ:

‘ಒಟ್ಟಿಗೆ ಕೂಡದ ಮೂರು’ ಅನ್ರಿ. ಹಂಗಾದ್ರ ನನಗೂ ತಿಳೀತೈತಿ.