ವಿನುತಾ ಎಂಬ ಹೆಸರಿಗೆ ಇನ್ನೊಂದು T ಬೇಡ

“ಅತ್ತೆ, ಮಗುವಿನದು ರೋಹಿಣಿ ಮೂರನೇ ಪಾದ, ‘ವಿ’ ಅಕ್ಷರ ಬಂದಿದೆ. ನಾವಿಬ್ಬರೂ ವಿನುತಾ ಎಂದು ಇಡೋಣ ಎಂದುಕೊಂಡಿದ್ದೆವು. ಸಂಖ್ಯಾಶಾಸ್ತ್ರ ನೋಡುವವರು ಮೊತ್ತ 5 ಬರಬೇಕು, VINUTTHA ಎಂದು ಬರೆಯಿರಿ ಎನ್ನುತ್ತಾರೆ. ಹಾಗೇ ಬರೆಸಲೇ, ಇಲ್ಲ ಹೆಸರನ್ನೇ ಬದಲಿಸಲೇ?”

ಎರಡೂ ಬೇಡ ಪುಟ್ಟಾ, ಸ್ವಲ್ಪ ತಾಳು. ಬೆಳಿಗ್ಗೆಯಿಂದ ಕಾಗದ ಪೆನ್ನು ಹಿಡಿದು ಇದನ್ನೇ ಲೆಕ್ಕ ಹಾಕುತ್ತಾ ಕುಳಿತಿದ್ದೇನೆ. ಮಾತು ಉದ್ದವಾಗುತ್ತದೆ, ಬಿಡುವಾದಾಗ ಕೇಳು.

ಅಕ್ಷರದ ವಿಷಯದಲ್ಲಿ ನಿನಗೆ ತೊಡಕೇ ಇಲ್ಲ. ರೋಹಿಣಿಯ ನಾಲ್ಕು ಪಾದಗಳಿಗೆ ಓ, ವಾ, ವೀ, ವೂ ಎಂದು ಪಂಚಾಂಗದಲ್ಲಿದೆ. ಹ್ರಸ್ವ, ದೀರ್ಘ ಎರಡೂ ನಡೆಯುತ್ತವೆ, ಆದ್ದರಿಂದ ವಿನುತಾ, ವೀಣಾ ಎರಡಕ್ಕೂ ಜಾಗವಿದೆ. ಹಸ್ತ ಮೂರನೇ ಪಾದದಲ್ಲಿ ಹುಟ್ಟಿದ ಮಗುವಿಗೆ ‘ಣ’ ಬರುತ್ತದೆ, ಆರ್ದ್ರಾ ಮೂರಕ್ಕೆ ‘ಙ’. ಅವರ ಕಷ್ಟ ನೋಡು! ಅಂಥವರು ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಹಿಡಿಯುತ್ತಾರೆ, ಇಲ್ಲವೇ ನಕ್ಷತ್ರನಾಮ ಒಂದು, ಕರೆಯುವ ಹೆಸರು ಇನ್ನೊಂದು ಇಟ್ಟುಕೊಳ್ಳುತ್ತಾರೆ. ಒಂದು ಪಾದ ಹೆಚ್ಚುಕಡಿಮೆ ಆರು ಗಂಟೆ ಇರುತ್ತದೆ. ಮಗು ಹುಟ್ಟಿದ ಹೊತ್ತು ಪಾದ ಬದಲಾಗುವ ಸಮಯಕ್ಕೆ ತೀರಾ ಹತ್ತಿರವಿದ್ದರೆ ಮಾತ್ರ ಜೋಯಿಸರನ್ನು ಇನ್ನೊಮ್ಮೆ ಕೇಳು.

ಆದರೆ ‘ವಿ’ಯಲ್ಲಿ ಬೇರೊಂದು ಅಪಾಯವಿದೆ. ಸಂಸ್ಕೃತದಲ್ಲಿ ಅದು ಉಪಸರ್ಗ. ಒಮ್ಮೆ ‘ವಿಶೇಷವಾಗಿ’ ಎಂಬ ಅರ್ಥ ಕೊಡುತ್ತದೆ, ಇನ್ನೊಮ್ಮೆ ‘ಇಲ್ಲದ’ ಎಂಬ ಅರ್ಥ. ವಿಮಲಾ ಎಂದರೆ ಮಲವಿಲ್ಲದವಳು, ಒಳ್ಳೆಯದೇ. ಆದರೆ ಕಿವಿಗೆ ಇಂಪಾಗಿದೆ ಎಂದು ಯಾರಾದರೂ ವಿರಸಾ ಎಂದು ಹೊಸದಾಗಿ ಕಟ್ಟಿದರೆ ಅದು ಮನಸ್ತಾಪದ ಹೆಸರಾಗುತ್ತದೆ. ನಿನ್ನ ಚಿಕ್ಕಮ್ಮ ನಿನ್ನೆ ಗುಂಪಿನಲ್ಲಿ ಹಾಕಿದ ಪಟ್ಟಿಯಲ್ಲಿ ಅಂಥವು ಎರಡು ಮೂರು ಇವೆ, ನಿಘಂಟು ನೋಡದೆ ಅವನ್ನು ಮುಟ್ಟಬೇಡ. ವಿನುತಾ ಎಂದರೆ ಸ್ತುತಿಸಲ್ಪಟ್ಟವಳು, ಹೊಗಳಿಕೆಗೆ ಪಾತ್ರಳಾದವಳು. ಅದರ ಅರ್ಥದಲ್ಲಿ ಯಾವ ಕುಂದೂ ಇಲ್ಲ.

ಇನ್ನು ಸಂಖ್ಯೆಗೆ ಬರೋಣ. ಅವರು ಎಣಿಸುವುದು ನಾವು ಬಾಯಲ್ಲಿ ಹೇಳುವ ಹೆಸರನ್ನಲ್ಲ, ಇಂಗ್ಲಿಷಿನಲ್ಲಿ ಬರೆದ ಅಕ್ಷರಗಳನ್ನು. ಕನ್ನಡದಲ್ಲಿ ವಿನುತಾ ಎಂದು ಬರೆಯಲು ಒಂದೇ ದಾರಿ, ಇಂಗ್ಲಿಷಿನಲ್ಲಿ ಮೂರು ನಾಲ್ಕು. ಅದಕ್ಕೇ ಮೊತ್ತ ಸರಿಬಂತು ಎಂದ ಮಾತ್ರಕ್ಕೆ ಹೆಸರು ಚೆನ್ನಾಗಿ ಕೇಳಿಸುತ್ತದೆ ಎಂದು ಅಂದುಕೊಳ್ಳಬಾರದು, ಆ ಲೆಕ್ಕಕ್ಕೆ ಕಿವಿಯೇ ಇಲ್ಲ.

ಅವರಲ್ಲಿ ಎರಡು ಪದ್ಧತಿಗಳಿವೆ. ಚಾಲ್ಡಿಯನ್ ಕೋಷ್ಟಕದಲ್ಲಿ ಬೆಲೆಗಳು 1ರಿಂದ 8ರವರೆಗೆ ಮಾತ್ರ, 9 ಯಾವ ಅಕ್ಷರಕ್ಕೂ ಇಲ್ಲ. ಪೈಥಾಗೊರಿಯನ್‌ನಲ್ಲಿ A 1, B 2 ಎಂದು ಸಾಲಾಗಿ 9ರವರೆಗೆ ಹೋಗಿ ಮತ್ತೆ 1ರಿಂದ ಶುರು. ಒಂದೇ ಹೆಸರಿಗೆ ಎರಡರಲ್ಲೂ ಬೇರೆ ಬೇರೆ ಉತ್ತರ ಬರಬಹುದು. ಚಾಲ್ಡಿಯನ್ ಪ್ರಕಾರ V 6, I 1, N 5, U 6, T 4, H 5, A 1. VINUTHA ಕೂಡಿದರೆ 28, ಆ ಎರಡು ಅಂಕಿಗಳನ್ನು ಸೇರಿಸಿದರೆ 10, ಅಂದರೆ 1. ಪೈಥಾಗೊರಿಯನ್‌ನಲ್ಲಿ ಅದೇ VINUTHA 32 ಆಗಿ 5 ಬರುತ್ತದೆ! ಅಂದರೆ ಬೇರೆ ಪದ್ಧತಿಯವರ ಬಳಿ ಹೋಗಿದ್ದರೆ ನಿನಗೆ ಈ ಚಿಂತೆಯೇ ಹತ್ತುತ್ತಿರಲಿಲ್ಲ. ನಿಮ್ಮವರು ಇನ್ನೊಂದು T ಸೇರಿಸಿ 5 ತಂದಿದ್ದಾರೆ. 28ಕ್ಕೆ 4 ಸೇರಿ 32, ಹಾಗಾಗಿ ಅವರದು ಚಾಲ್ಡಿಯನ್ ಎಂಬುದು ಖಚಿತ.

ಆ ಎರಡನೇ T ನನಗೆ ಸುತರಾಂ ಒಪ್ಪಿಗೆಯಿಲ್ಲ. ಇಪ್ಪತ್ತೆಂಟು ವರ್ಷ ತರಗತಿಯಲ್ಲಿ ಹಾಜರಿ ಕರೆದವಳು ನಾನು. VINUTTHA ಎಂದು ಬರೆದದ್ದನ್ನು ಹೊಸಬರು ವಿನುತ್ಥಾ ಎಂದೋ ವಿನಟ್ಟಾ ಎಂದೋ ಓದುತ್ತಾರೆ. ನನ್ನ ತಂಗಿಯ ಮಗ ಸುಮಂತನಿಗೆ ಹೀಗೇ SUMMANTH ಎಂದು ಮಾಡಿಸಿದರು. ಶಾಲೆಯ ಮೊದಲ ದಿನವೇ ಟೀಚರ್ “ಸಮ್ಮಂತ್” ಎಂದು ಕೂಗಿದರು, ಮಗು ತನ್ನನ್ನಲ್ಲ ಎಂದು ಸುಮ್ಮನೆ ಕುಳಿತಿತ್ತು. ಆಮೇಲೆ ಒಂದು ಅಂಕಪಟ್ಟಿಯಲ್ಲಿ ಒಂದೇ M ಬಂತು, ಅದನ್ನು ತಿದ್ದಿಸಲು ತಂಗಿ ಅಲೆದಾಡಿದ್ದನ್ನು ನಾನೇ ಕಂಡಿದ್ದೇನೆ. ನಿನ್ನ ಮಗಳಿಗೆ ಅದು ಬೇಡ.

ಹಾಗೆಂದು ಸಂಖ್ಯೆಯನ್ನೇ ಬಿಡು ಎಂದು ನಾನು ಹೇಳುತ್ತಿಲ್ಲ, ನಿನ್ನ ಹೆಂಡತಿಯ ಮನೆಯವರಿಗೆ ಅದರಲ್ಲಿ ನಂಬಿಕೆಯಿದೆ. ಜನರು ಹೇಗೂ ಎರಡು ಬಗೆಯಲ್ಲಿ ಬರೆಯುವ ಕಡೆಗಳಿವೆಯಲ್ಲ, ‘ತ’ಕ್ಕೆ T ಅಥವಾ TH, ‘ಈ’ಗೆ I ಅಥವಾ EE, ಅಲ್ಲಿ ಮಾತ್ರ ಆರಿಸಿಕೋ. ಅದರಿಂದ ಓದುವವರ ನಾಲಿಗೆ ಅಷ್ಟಾಗಿ ತಪ್ಪುವುದಿಲ್ಲ. VINUTHA ಬದಲು VINUTA ಎಂದು ಬರೆದು ನೋಡು: 28ರಲ್ಲಿ H ಕಳೆದರೆ 23, ಅಂದರೆ 5. ಉತ್ತರ ಕರ್ನಾಟಕದ ಕಡೆ ಕವಿತಾ, ಸುನೀತಾ ಎಲ್ಲವನ್ನೂ H ಇಲ್ಲದೆಯೇ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಮನೆಯಲ್ಲಿ TH ರೂಢಿ, ಆದ್ದರಿಂದ ಕೆಲವರು ‘ಟ’ ಎಂದು ಓದಿಯಾರು. ಅದೊಂದು ಕೊರತೆ ಇದ್ದೇ ಇದೆ, ಆದರೆ ಒಮ್ಮೆ ತಿದ್ದಿದರೆ ನೆನಪಿಟ್ಟುಕೊಳ್ಳುವಂಥದ್ದು.

ಅದೂ ಹಿಡಿಸದಿದ್ದರೆ ಎಂದು ಉಳಿದ ಹೆಸರುಗಳನ್ನೂ ಕೂಡಿ ನೋಡಿದೆ. ವಿಭಾ 15, ಅಂದರೆ 6. ವಿಸ್ಮಯ 17, ಅಂದರೆ 8. ವಿನೀತಾ ಮಾತ್ರ ಚೆಂದವಾಗಿ ಕೂಡಿಬಂತು: VINITHA ಎಂದು ಬರೆದರೆ 23, VINEETHA ಎಂದು ಬರೆದರೆ 32, ಹೇಗೆ ಬರೆದರೂ 5. ಒಂದಕ್ಷರವನ್ನೂ ಹಿಗ್ಗಿಸಬೇಕಾಗಿಲ್ಲ, TH ಕೂಡ ಹಾಗೇ ಉಳಿಯುತ್ತದೆ.

ಈಗ ಎರಡು ಹೆಸರು ಉಳಿದವು, ವಿನುತಾ ಮತ್ತು ವಿನೀತಾ. ಇನ್ನು ಕೋಷ್ಟಕ ಮುಚ್ಚಿಡು, ಬಾಯಿಬಿಟ್ಟು ಹೇಳು. ಅಡುಗೆಮನೆಯಿಂದ ಹಿತ್ತಿಲಿಗೆ ಕೇಳುವಂತೆ ಕೂಗಿ ನೋಡು. ನಮ್ಮ ಭಾಷೆಯಲ್ಲಿ ಹೆಸರು ಒಂಟಿಯಾಗಿ ಇರುವುದು ಕಡಿಮೆ, ವಿಭಕ್ತಿ ಹಚ್ಚಿ ನೋಡು: ವಿನುತಾಳಿಗೆ ಹಾಲು ಕೊಡು, ವಿನುತಾಳನ್ನು ಎತ್ತಿಕೋ. ವಿಸ್ಮಯ ಇಲ್ಲೇ ಸ್ವಲ್ಪ ತಡವರಿಸುತ್ತದೆ, ‘ವಿಸ್ಮಯಳಿಗೆ’ ಎನ್ನುವಾಗ ನನಗಂತೂ ನಾಲಿಗೆ ಒಂದು ಕ್ಷಣ ನಿಲ್ಲುತ್ತದೆ. ಮುದ್ದಿಗೆ ಮೊಟಕು ಮಾಡಿದರೆ ಏನಾಗುತ್ತದೆ ಎಂದೂ ನೋಡು, ವಿನುತಾ ‘ವಿನೂ’ ಆಗುತ್ತದೆ, ವಿನೀತಾ ‘ವಿನೀ’. ನಮ್ಮಲ್ಲಿ ಈಗಾಗಲೇ ಒಬ್ಬ ವಿನಿ ಇದ್ದಾನೆ, ಹಬ್ಬಕ್ಕೆ ಎಲ್ಲರೂ ಸೇರಿದಾಗ ಒಬ್ಬರನ್ನು ಕರೆದರೆ ಇಬ್ಬರೂ ಓಡಿ ಬರುತ್ತಾರೆ. ನನ್ನ ಮನಸ್ಸು ವಿನುತಾ ಕಡೆಗೇ ವಾಲುತ್ತಿದೆ, ಮುಚ್ಚಿಡುವುದಿಲ್ಲ.

ಕೊನೆಯದಾಗಿ ಒಂದು ಮಾತು ಅವರನ್ನು ಕೇಳಲೇಬೇಕು. 5 ಬರಬೇಕಾದದ್ದು ಬರೀ ಹೆಸರಿಗೋ, ಇನಿಷಿಯಲ್ ಸೇರಿಸಿಯೋ? VINUTA ಜೊತೆಗೆ ನಿನ್ನ S ಸೇರಿದರೆ 23ಕ್ಕೆ 3 ಕೂಡಿ 26, ಅಂದರೆ 8. ಆ ಸಂಖ್ಯೆ ಎಂದರೆ ಅವರಲ್ಲಿ ಅನೇಕರು ಹೆದರುತ್ತಾರೆ, ಎಲ್ಲ ಮುಗಿದ ಮೇಲೆ ಮತ್ತೆ ತಕರಾರು ಏಳಬಾರದು. ಇದನ್ನು ತಿಳಿಯದೆ ಜನನ ಪ್ರಮಾಣಪತ್ರಕ್ಕೆ ಹೆಸರು ಕೊಡಲು ಅವಸರ ಮಾಡಬೇಡ. ಜನನ ನೋಂದಣಿಯನ್ನು ಹೆಸರಿಲ್ಲದೆಯೂ ಮಾಡಿಸಬಹುದು, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸುತ್ತಾರೆ.

ನಾಳೆ ಅವರಿಗೆ ಫೋನ್ ಮಾಡಿ ಕೇಳು, ಇನಿಷಿಯಲ್ ಲೆಕ್ಕಕ್ಕಿದೆಯೋ ಇಲ್ಲವೋ ನನಗೂ ತಿಳಿಸು. ಇದೆ ಎಂದರೆ ಎರಡೂ ಹೆಸರನ್ನು S ಸೇರಿಸಿ ಮತ್ತೆ ಕೂಡಿ ನೋಡುತ್ತೇನೆ.