ಆ್ಯಪ್ ಕಡ್ಲಿ ಅಂತು, ನಿಂಗಪ್ಪ ಹಾರಿ ತಗೊಂಡ

"ಕಾಕಾ, ಮಣ್ಣಿನ ಕಾರ್ಡಿನ ಅಂಕಿ ಹಾಕಿದ್ರ ಆ್ಯಪ್ ಹಿಂಗಾರಿಗೆ ಕಡ್ಲಿ ಬಿತ್ರಿ ಅಂತೈತಿ. ಅಪ್ಪಾರು ಒಲ್ಲೆ ಅಂತಾರ. ಯಾರ ಮಾತು ಖರೆ?"

ತಮ್ಮಾ, ಇದನ್ನ ಒಂದು ಕಥಿ ಮಾಡಿ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತೈತಿ. ಗದಗ ಕಡೆ ನಿಂಗಪ್ಪ ಅಂತ ಒಬ್ಬ ರೈತ ಅಂತ ತಿಳ್ಕೊ. ನಾಕು ಎಕರೆ ಎರಿ ಹೊಲ, ಮಳಿ ನೀರ ಗತಿ. ಮಗ ಮೊಬೈಲ್ ತೋರಿಸಿ ಕಡ್ಲಿ ಅಂದ. "ಮ್ಯಾಲಿನ ತುದಿಗೆ ಹ್ವಾದ ವರ್ಷ ಹೂ ಬಿಡೂ ಹೊತ್ತಿಗೆ ಒಣಗಿತ್ತಲ್ಲೋ" ಅಂದ ನಿಂಗಪ್ಪ. ಮಗ ಅದು ನೆಟೆ ರೋಗ ಅಂದ. ಆದ್ರ ನಿಂಗಪ್ಪ ಆವಾಗ್ಲೇ ಒಂದು ಗಿಡ ಕಿತ್ತು, ಬೇರಿನ ಮ್ಯಾಲಿನ ಕಾಂಡ ಬ್ಲೇಡಿನಿಂದ ಉದ್ದಕ ಸೀಳಿ ನೋಡಿದ್ದ. ನೆಟೆ ರೋಗ ಆದ್ರ ಒಳಗ ಕಂದು-ಕಪ್ಪು ಗೆರಿ ಕಾಣ್ತೈತಿ. ಅಲ್ಲಿ ಬೆಳ್ಳಗ ಇತ್ತು. ಅಂದ್ರ ನೆಟೆ ರೋಗ ಅಲ್ಲ, ನೀರಡಿಕಿಗೆ ಸತ್ತಿರಬೇಕು ಅಂತ ನಿಂಗಪ್ಪಗ ಅನುಮಾನ ಬಂತು.

ಕಾರ್ಡ್ ತಪ್ಪು ಅಂತಲ್ಲ. ಅದರಾಗ 12 ಅಂಶ ಅದಾವು: ರಸಸಾರ, ಲವಣ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಆಮ್ಯಾಲ ಸತು, ಬೋರಾನ್‌ನಂಥ ಐದು ಸಣ್ಣ ಪೋಷಕಾಂಶ. ಮಣ್ಣು ಎಷ್ಟು ಆಳ ಐತಿ ಅನ್ನೂದು ಅದರಾಗ ಇಲ್ಲ. ಕಾರ್ಡಿನ್ಯಾಗ ಇಲ್ಲದ್ದನ್ನ ಆ್ಯಪ್ ಎಲ್ಲಿಂದ ತರಬೇಕು? ಇನ್ನೊಂದು, ಸರ್ಕಾರದ ಈ ಕಾರ್ಡಿನ ಯೋಜನಿ ಶುರುವಾದಾಗ ಮಳಿ ಆಶ್ರಿತ ಭೂಮ್ಯಾಗ 10 ಹೆಕ್ಟೇರಿಗೆ ಒಂದು ಮಾದರಿ ಅಂತ ಲೆಕ್ಕ ಇತ್ತು. ಅಂದ್ರ 25 ಎಕರೆಗೆ ಒಂದು. ಆ ಮಣ್ಣು ನಿಂಗಪ್ಪನ ಹೊಲದ್ದ ಅನ್ನೂ ಖಾತ್ರಿ ಇಲ್ಲ.

ನಿಂಗಪ್ಪ ಹಾರಿ, ಗುದ್ಲಿ ತಗೊಂಡು ಹೋಗಿ ಮ್ಯಾಲಿನ ತುದಿ, ನಡು, ಕೆಳಗ, ಮೂರೂ ಕಡೆ ತಗ್ಗು ತೋಡಿದ. ಮ್ಯಾಲ ಒಂದು ಫೂಟಿಗೇ ಹಾರಿ ಕರ್ ಅಂತು, ಗರಸು. ನಡುವ ಎರಡೂವರಿ. ಕೆಳಗ ಮೂರು ಫೂಟು ಇಳಿದ್ರೂ ಕರಿ ಮಣ್ಣ, ಮುಟಗಿ ಕಟ್ಟಿದ್ರ ಉಂಡಿ ಆಗ್ತಿತ್ತು.

ಲೆಕ್ಕ ನೋಡು. ಎರಿ ಮಣ್ಣು ಒಂದು ಫೂಟಿನ್ಯಾಗ ಗಿಡಕ್ಕ ಸಿಗೂವಷ್ಟು ನೀರು ಸುಮಾರು 50-60 ಮಿಲಿಮೀಟರ್ ಹಿಡೀತೈತಿ. ಗಿಡ, ಬಿಸಿಲು ಕೂಡಿ ದಿನಕ್ಕ 2-3 ಮಿಲಿಮೀಟರ್ ಖರ್ಚು ಅಂದ್ರ ತಿಂಗಳೊಪ್ಪತ್ತಿನ್ಯಾಗ ಖಾಲಿ. ಕಡ್ಲಿ ಹೂ ಬಿಡೂದು ನಲವತ್ತು ದಿನ ದಾಟಿದ ಮ್ಯಾಲ, ಕೊಯ್ಲಿಗೆ ನೂರು ದಿನ ಹತ್ರ ಬೇಕು. ನಡುವ ಮಳಿ ಆಗದಿದ್ರ ಮ್ಯಾಲಿನ ಎಕರೆ ಹ್ವಾದಂಗ. ಮೂರು ಫೂಟಿನ ಮಣ್ಣಾಗ ಅದರ ಮೂರು ಪಟ್ಟು ನೀರು ಇರ್ತೈತಿ, ಬೇರು ಇಳಕೋತ ಕುಡೀತೈತಿ.

ಕಡೀಕ ಕೆಳಗಿನ ಮೂರು ಎಕರೆಗೆ ಕಡ್ಲಿ, ಎಕರೆಗೆ 20 ಕಿಲೋ ಜೆಜಿ-11 ಬೀಜ. ಮ್ಯಾಲಿನ ಎಕರೆಗೆ ಹುರಳಿ, ಅದು ತೆಳು ಮಣ್ಣಿಗೂ ತಡೀತೈತಿ. ಆ್ಯಪ್ ಮುಕ್ಕಾಲು ಹೊಲಕ್ಕ ಸರಿ ಹೇಳಿತ್ತು. ಮಗ ಕಾರ್ಡಿನ ಹಿಂದ ಪೆನ್ನಿನಿಂದ ಬರ್ಕೊಂಡ: ಮ್ಯಾಲ ಒಂದು, ನಡುವ ಎರಡೂವರಿ, ಕೆಳಗ ಮೂರು.

ನೀನೂ ನಾಳೆ ಅಪ್ಪನ್ನ ಕರಕೊಂಡು ಹೋಗಿ ಮೂರು ಕಡೆ ತೋಡಿ ನೋಡು. ಎಷ್ಟಕ್ಕ ಗರಸು ಹತ್ತಿತು ಅಂತ ಇಲ್ಲೇ ಗ್ರೂಪಿನ್ಯಾಗ ಹಾಕು.